ನೆಲ, ಅಟ್ಟ ಮತ್ತು ನಡುವಿನ ನಾಲ್ಕು ವರ್ಷ

2024ರ ಜುಲೈ 3ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಷೇರು 1,794 ರೂಪಾಯಿ ಮುಟ್ಟಿತು. ಅಲ್ಲಿಯವರೆಗೆ ಅದು ಅಷ್ಟು ಎತ್ತರ ಕಂಡಿರಲಿಲ್ಲ. ಅಂದು ಅದನ್ನು ನೋಡುತ್ತಿದ್ದವರಲ್ಲಿ ಎರಡು ಬಗೆಯ ಜನ ಇದ್ದರು. ‘ಇಷ್ಟು ವರ್ಷ ಇಲ್ಲಿಗೆ ಬಂದು ತಲೆ ಕುಟ್ಟಿಕೊಂಡು ಹಿಂದಿರುಗಿದೆ, ಈಗಲೂ ಹಿಂದಿರುಗುತ್ತದೆ’ ಎಂದು ಮಾರಿದವರು ಒಂದು ಬಗೆ. ‘ಈ ಸಲ ದಾಟಿಯೇ ಬಿಟ್ಟಿತು’ ಎಂದು ಕೊಂಡವರು ಇನ್ನೊಂದು ಬಗೆ. ಎರಡು ದಿನ ಕಳೆದು, ಶುಕ್ರವಾರ ಒಂದೇ ದಿನ ಷೇರು ಶೇ 4ಕ್ಕೂ ಹೆಚ್ಚು ಕುಸಿದು 1,650ರ ಆಸುಪಾಸಿಗೆ ಬಂದು ನಿಂತಿತು. ಮಾರಿದವರು ಗೆದ್ದರು. ಆದರೆ ಒಂದು ವರ್ಷವೂ ಕಳೆಯುವ ಮೊದಲೇ ಅದೇ ಷೇರು 2,000 ದಾಟಿತು. ಜುಲೈನಲ್ಲಿ ಗೆದ್ದ ಪಾಠವನ್ನೇ ನಂಬಿ ಮತ್ತೆ ಮತ್ತೆ ಮಾರುತ್ತ ಹೋದವರು ಅಷ್ಟರಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಂಡಿರಬೇಕು.

ಒಂದು ಷೇರಿನ ಬೆಲೆ ಬಹುಕಾಲ ಎರಡು ಮಟ್ಟಗಳ ನಡುವೆಯೇ ಓಡಾಡಿಕೊಂಡಿದ್ದರೆ ಪೇಟೆಯವರು ಅದನ್ನು ‘ರೇಂಜ್‌ನಲ್ಲಿದೆ’ ಎನ್ನುತ್ತಾರೆ. ಕೆಳಗಿನ ಮಟ್ಟ ಸಪೋರ್ಟ್, ಮೇಲಿನದು ರೆಸಿಸ್ಟೆನ್ಸ್. ನಾನು ಅವನ್ನು ನೆಲ ಮತ್ತು ಅಟ್ಟ ಎಂದುಕೊಳ್ಳುತ್ತೇನೆ. ಅಟ್ಟದ ಹತ್ತಿರ ಮಾರಿ ನೆಲದ ಹತ್ತಿರ ಕೊಳ್ಳುವುದು ಒಂದು ದಾರಿ. ಅಟ್ಟ ಒಡೆಯುವವರೆಗೆ ಕಾದು, ಒಡೆದ ಮೇಲೆ ಕೊಳ್ಳುವುದು ಇನ್ನೊಂದು. ಅದಕ್ಕೆ ಬ್ರೇಕ್‌ಔಟ್ ವಹಿವಾಟು ಎಂದು ಹೆಸರು. ಈ ಎರಡರಲ್ಲಿ ಯಾವುದು ಸರಿ ಎಂಬ ವಾದ ಷೇರುಪೇಟೆಯಷ್ಟೇ ಹಳೆಯದು. ಆ ವಾದವನ್ನು ಗಾಳಿಯಲ್ಲಿ ಬಿಟ್ಟು ಈ ಒಂದು ಷೇರಿನ ಮೇಲೆ ಇಟ್ಟು ನೋಡಿದರೆ ಹೆಚ್ಚು ಕಾಣುತ್ತದೆ.

ಕಥೆ 2021ರ ಫೆಬ್ರುವರಿಯಲ್ಲಿ ಶುರು. ಕೋವಿಡ್ ಕುಸಿತದಿಂದ ಎದ್ದು ಬಂದ ಷೇರು ಆಗ 1,641ರವರೆಗೆ ಏರಿ ನಿಂತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 1,725 ಮುಟ್ಟಿ ಮತ್ತೆ ಇಳಿಯಿತು. 2022ರ ಏಪ್ರಿಲ್ 4ರಂದು ಬ್ಯಾಂಕು ತನ್ನ ಮಾತೃಸಂಸ್ಥೆಯಾದ ಎಚ್‌ಡಿಎಫ್‌ಸಿ ಲಿಮಿಟೆಡ್ ಜೊತೆ ವಿಲೀನವಾಗುವ ಸುದ್ದಿ ಬಂತು. ಷೇರು ಒಂದೇ ದಿನ ಜಿಗಿದು 1,722ರವರೆಗೆ ಹೋಯಿತು. ಹಳೆಯ ಅಟ್ಟಕ್ಕೆ ಮೂರು ರೂಪಾಯಿ ಕಡಿಮೆ. ಆದರೆ ದಿನದ ಮುಕ್ತಾಯ 1,656ಕ್ಕೆ ಆಯಿತು. ಜೂನ್‌ನಲ್ಲಿ ಅದು 1,271ಕ್ಕೆ ಇಳಿದಿತ್ತು. ವಿಲೀನ 2023ರ ಜುಲೈ 1ರಂದು ಜಾರಿಯಾಯಿತು. ಅದರ ಮರು ವಹಿವಾಟಿನ ದಿನ ಷೇರು 1,757 ಮುಟ್ಟಿ ಮತ್ತೆ ಜಾರಿತು. ಆಮೇಲೆ 2024ರ ಜನವರಿ, ಅದನ್ನು ಮುಂದೆ ಹೇಳುತ್ತೇನೆ. ಅದಾದ ಮೇಲೆ ಜುಲೈನ 1,794.

ಮೇಲಿನ ಅಂಚಿನ ಈ ಅಂಕಿಗಳನ್ನು ಸಾಲಾಗಿ ಇಟ್ಟರೆ 1,725, 1,722, 1,757, 1,794. ನೇರವಾದ ಗೆರೆ ಇಲ್ಲಿಲ್ಲ. ಇರುವುದು ಎಪ್ಪತ್ತು ರೂಪಾಯಿ ದಪ್ಪದ ಒಂದು ಪಟ್ಟಿ. ಹೊಸಬರು ಮೊದಲು ಎಡವುವುದು ಇಲ್ಲೇ. ಸ್ಕೇಲು ಹಿಡಿದು 1,725ಕ್ಕೆ ಗೆರೆ ಎಳೆದು, ಬೆಲೆ 1,730 ಆದ ಕೂಡಲೇ ‘ಒಡೆಯಿತು’ ಎಂದು ಕೊಳ್ಳುತ್ತಾರೆ. ಹಾಗೆಯೇ 1,725ಕ್ಕೆ ಮಾರಿದವರು 1,740ರಲ್ಲಿ ಹೆದರಿ ನಷ್ಟ ಮಾಡಿಕೊಂಡು ಹೊರಬರುತ್ತಾರೆ. ಗೆರೆಯ ಆಚೆ ಎಲ್ಲರೂ ಒಂದೇ ಜಾಗದಲ್ಲಿ ಸ್ಟಾಪ್‌ಲಾಸ್ ಇಟ್ಟಿರುವುದರಿಂದ ಅಲ್ಲಿ ಆರ್ಡರುಗಳ ರಾಶಿಯೇ ಬಿದ್ದಿರುತ್ತದೆ. ದೊಡ್ಡ ಪ್ರಮಾಣದಲ್ಲಿ ಮಾರಬೇಕಾದವನಿಗೆ ಆ ರಾಶಿಯೇ ಬೇಕು, ಏಕೆಂದರೆ ಅಷ್ಟು ಕೊಳ್ಳುವವರು ಬೇರೆಲ್ಲೂ ಒಟ್ಟಿಗೆ ಸಿಗುವುದಿಲ್ಲ. ಸುಳ್ಳು ಬ್ರೇಕ್‌ಔಟ್‌ಗಳು ಇಷ್ಟು ಸಾಮಾನ್ಯವಾಗಿರಲು ಇದೊಂದು ಮುಖ್ಯ ಕಾರಣ.

ಕೆಳಗಿನ ಅಂಚಿನಲ್ಲೂ ಇದೇ ಆಟ ನಡೆಯುತ್ತದೆ. 2022ರ ಮಾರ್ಚ್‌ನಲ್ಲಿ ಷೇರು 1,300ರ ಹತ್ತಿರ ತಳ ಕಂಡಿತ್ತು. ಜೂನ್‌ನಲ್ಲಿ ಆ ತಳವನ್ನೂ ಒಡೆದು 1,271ಕ್ಕೆ ಇಳಿಯಿತು. ನೆಲ ಕುಸಿಯಿತೆಂದು ಮಾರಿದವರಿಗೆ ಹೆಚ್ಚು ದಿನ ನೆಮ್ಮದಿ ಇರಲಿಲ್ಲ. ಬೆಲೆ ಬೇಗನೆ 1,300ರ ಮೇಲೆ ಹಿಂದಿರುಗಿ, ಜುಲೈ ಕೊನೆಗೆ 1,400 ದಾಟಿತ್ತು. ಅಮೆರಿಕದ ರಿಚರ್ಡ್ ವೈಕಾಫ್ ತೊಂಬತ್ತು ವರ್ಷಗಳ ಹಿಂದೆ ಕಲಿಸಿದ ವಿಧಾನದಲ್ಲಿ ಇಂಥ ಇಳಿತಕ್ಕೆ ‘ಸ್ಪ್ರಿಂಗ್’ ಎಂದು ಹೆಸರು. ನೆಲದ ಕೆಳಗೆ ಒಮ್ಮೆ ಇಣುಕಿ, ಅಲ್ಲಿ ಮಾರುವವರು ಉಳಿದಿಲ್ಲ ಎಂದು ಗೊತ್ತಾದ ಮೇಲೆ ಬೆಲೆ ಪುಟಿದೇಳುತ್ತದೆ.

ಅಂಚಿನಲ್ಲಿ ವಹಿವಾಟು ಮಾಡುವುದೆಂದರೆ ಏನೆಂದು ತೋರಿಸಲು ಈ ಸಂದರ್ಭವೇ ಒಳ್ಳೆಯದು. ಬೀಳುತ್ತಿರುವಾಗಲೇ ಕೈಯೊಡ್ಡದೆ, ಬೆಲೆ ಒಳಗೆ ಬಂದ ಮೇಲೆ 1,330ಕ್ಕೆ ನೂರು ಷೇರು ಕೊಂಡರು ಎಂದಿಟ್ಟುಕೊಳ್ಳಿ. 1,271ರ ಆಚೆ, 1,265ಕ್ಕೆ ಸ್ಟಾಪ್‌ಲಾಸ್. ಅಂದರೆ ಷೇರಿಗೆ 65 ರೂಪಾಯಿ, ಒಟ್ಟು 6,500 ರೂಪಾಯಿ ಕಳೆದುಕೊಳ್ಳಲು ಸಿದ್ಧ. ಗುರಿ ಅಟ್ಟಕ್ಕಿಂತ ಸಾಕಷ್ಟು ಕೆಳಗೆ, 1,600. ಸಿಕ್ಕರೆ 270 ರೂಪಾಯಿ, ಒಟ್ಟು 27,000. ಐದು ಸಲ ಇಂಥ ವಹಿವಾಟು ಮಾಡಿ ನಾಲ್ಕು ಸಲ ಸೋತರೂ ಒಂದು ಗೆಲುವು ಆ ನಷ್ಟವನ್ನೆಲ್ಲ ತುಂಬಿಕೊಡುತ್ತದೆ. ಈ ಷೇರು 2022ರ ನವೆಂಬರ್ ಹೊತ್ತಿಗೆ 1,600 ಮುಟ್ಟಿತು ಕೂಡ. ಅದೇ ಮನುಷ್ಯ ಕಾಯಲಾರದೆ ನಡುವೆ, 1,500ಕ್ಕೆ ಕೊಂಡಿದ್ದರೆ? ಸ್ಟಾಪ್‌ಲಾಸ್ ಅದೇ ಜಾಗದಲ್ಲಿ, ನಷ್ಟದ ಸಾಧ್ಯತೆ 235. ಗುರಿಯೂ ಅದೇ, ಲಾಭದ ಸಾಧ್ಯತೆ 100. ಈಗ ಹತ್ತರಲ್ಲಿ ಏಳು ಸಲ ಗೆದ್ದರೂ ಹೆಚ್ಚುಕಡಿಮೆ ಸಮ. ಷೇರು ಅದೇ, ರೇಂಜ್ ಅದೇ, ಊಹೆಯೂ ಅದೇ. ಕೊಂಡ ಜಾಗ ಮಾತ್ರ ಬೇರೆ. ರೇಂಜ್‌ನಲ್ಲಿ ಹಣ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಹಾಗೆ ಮಾಡುವುದು ನಡುಮನೆಯಲ್ಲಿ ಎಂದು ನನ್ನ ನಂಬಿಕೆ. ಅಲ್ಲಿ ಬೆಲೆ ಯಾವ ಕಡೆ ಹೋಗುತ್ತದೆ ಎಂಬುದಕ್ಕೆ ಆಧಾರವೇ ಇರುವುದಿಲ್ಲ.

ಅಟ್ಟದ ಕಡೆ ಲೆಕ್ಕ ಬೇರೆ. ನಮ್ಮಲ್ಲಿ ಕೈಯಲ್ಲಿಲ್ಲದ ಷೇರನ್ನು ನಗದು ಪೇಟೆಯಲ್ಲಿ ಮಾರಿದರೆ ಅದನ್ನು ಅಂದೇ ಕೊಂಡು ಮುಗಿಸಬೇಕು. ಕೆಲವು ವಾರಗಳ ಕಾಲ ‘ಇಳಿಯುತ್ತದೆ’ ಎಂದು ಪಣ ಕಟ್ಟಬೇಕಾದರೆ ಫ್ಯೂಚರ್ಸ್‌ಗೆ ಹೋಗಬೇಕು. ಈ ಷೇರಿನ ಫ್ಯೂಚರ್ಸ್ ಲಾಟ್ ಆಗ 550 ಷೇರುಗಳದ್ದು. 1,790ಕ್ಕೆ ಒಂದು ಲಾಟ್ ಮಾರಿ 1,830ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ನಷ್ಟ 22,000. ಸ್ಟಾಪ್‌ಲಾಸ್ ತೆಗೆದು ‘ಇಷ್ಟು ವರ್ಷ ಇಳಿದದ್ದು ಈಗ ಇಳಿಯದೇ?’ ಎಂದು ಕುಳಿತು 2,000ದಲ್ಲಿ ಹೊರಬಂದರೆ 1,15,500. ಅಂಚಿನಲ್ಲಿ ಮಾರುವವನ ಪುಸ್ತಕದಲ್ಲಿ ಸಣ್ಣ ಗೆಲುವುಗಳು ಹಲವು ಇರುತ್ತವೆ. ಕೊನೆಗೊಂದು ಸೋಲು ಬರುವುದು ಖಚಿತ, ಏಕೆಂದರೆ ಯಾವ ರೇಂಜೂ ಶಾಶ್ವತವಲ್ಲ. ಆ ಸೋಲನ್ನು ಸಣ್ಣದಾಗಿ ಇಡಬಲ್ಲವನಿಗೆ ಮಾತ್ರ ಈ ದಾರಿ. ಸಾಮಾನ್ಯ ಹೂಡಿಕೆದಾರರಿಗೆ ಅಟ್ಟದಲ್ಲಿ ಮಾರುವುದೆಂದರೆ ನೆಲದಲ್ಲಿ ಕೊಂಡದ್ದನ್ನು ಮಾರಿ ಹೊರಬರುವುದು, ಅಷ್ಟೇ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದರು ಎಂದು ಸೆಬಿಯ ಅಧ್ಯಯನ ಹೇಳಿದೆ. ಅದನ್ನು ಓದಿದ ಮೇಲೆ ಯಾರಿಗೂ ಈ ಕಿಟಕಿಯಿಂದ ಒಳಗೆ ಹೋಗಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಕಾಯುವವರ ದಾರಿ. ಅವರ ಸಮಸ್ಯೆ ಒಂದೇ: ಒಡೆದದ್ದು ನಿಜವೋ ಸುಳ್ಳೋ ತಿಳಿಯುವುದು ಹೇಗೆ? ಹಳಬರು ಇದಕ್ಕೆ ಸರಳವಾದ ಒಂದು ಜರಡಿ ಬಳಸುತ್ತಾರೆ. ದಿನದ ನಡುವಿನ ಎತ್ತರವನ್ನು ಲೆಕ್ಕಕ್ಕೇ ಇಡುವುದಿಲ್ಲ, ವಾರದ ಕೊನೆಯ ಮುಕ್ತಾಯ ಬೆಲೆ ಹಳೆಯ ಅಟ್ಟದ ಮೇಲಿದ್ದರೆ ಮಾತ್ರ ನಂಬುತ್ತಾರೆ. ನಮ್ಮ ಷೇರಿಗೆ ಇದನ್ನು ಹಾಕಿ ನೋಡಿ. 2022ರ ಏಪ್ರಿಲ್‌ನಲ್ಲಿ ಸೋಮವಾರ 1,722 ಮುಟ್ಟಿದ ಷೇರು ಅದೇ ಶುಕ್ರವಾರ 1,515ರ ಹತ್ತಿರ ಮುಗಿಯಿತು. 2023ರ ಜುಲೈನಲ್ಲಿ ಸೋಮವಾರ 1,757, ವಾರಾಂತ್ಯಕ್ಕೆ ಮತ್ತೆ ರೇಂಜ್‌ನ ಒಳಗೆ. 2024ರ ಜುಲೈನಲ್ಲಿ ಬುಧವಾರ 1,794, ಶುಕ್ರವಾರ 1,650ರ ಹತ್ತಿರ. ಮೂರೂ ಸಲ ಶುಕ್ರವಾರದವರೆಗೆ ಸುಮ್ಮನೆ ಕುಳಿತಿದ್ದವರು ಒಂದು ರೂಪಾಯಿಯನ್ನೂ ಕಳೆದುಕೊಳ್ಳಲಿಲ್ಲ. ಮೂರೂ ಸಲ ಏರಿಕೆಗೆ ಕಾರಣ ಒಂದು ಸುದ್ದಿ ಅಥವಾ ಸುದ್ದಿಯ ನಿರೀಕ್ಷೆ ಎಂಬುದನ್ನೂ ಗಮನಿಸಬೇಕು: ವಿಲೀನದ ಘೋಷಣೆ, ವಿಲೀನದ ಜಾರಿ, ಮತ್ತು 2024ರಲ್ಲಿ ಎಂಎಸ್‌ಸಿಐ ಸೂಚ್ಯಂಕದಲ್ಲಿ ಬ್ಯಾಂಕಿನ ತೂಕ ಹೆಚ್ಚಿ ವಿದೇಶಿ ಹಣ ಬರುತ್ತದೆ ಎಂಬ ಆಸೆ. ಸುದ್ದಿಯ ಬೆನ್ನೇರಿ ಒಂದು ದಿನದಲ್ಲಿ ಅಟ್ಟ ಮುಟ್ಟಿದ ಬೆಲೆಗೆ, ಅಲ್ಲಿ ಮಾರಲು ಕಾದವರ ಸರಕನ್ನು ತಿಂದು ಮುಗಿಸುವ ಸಮಯವೇ ಸಿಕ್ಕಿರುವುದಿಲ್ಲ.

ಆದರೆ ಜರಡಿಯೂ ತಪ್ಪುತ್ತದೆ. 2024ರ ಡಿಸೆಂಬರ್ ಮೊದಲ ವಾರ ಷೇರು 1,850ರ ಆಸುಪಾಸಿನಲ್ಲಿ ಮುಗಿಯಿತು. ಅಟ್ಟದ ಮೇಲೆ ಅದು ಸ್ಪಷ್ಟವಾದ ವಾರಾಂತ್ಯ. ನಿಯಮ ಪಾಲಿಸಿದವರು ಕೊಂಡರು. ಜನವರಿಯಲ್ಲಿ ಬೆಲೆ 1,650ಕ್ಕೂ ಕೆಳಗೆ ಇತ್ತು. 1,780ರಲ್ಲಿ ಸ್ಟಾಪ್‌ಲಾಸ್ ಇಟ್ಟವರು ಎಪ್ಪತ್ತು ರೂಪಾಯಿ ಕಳೆದುಕೊಂಡು ಹೊರಬಂದರು. ಮತ್ತೆ 2025ರ ಏಪ್ರಿಲ್ ಮಧ್ಯದ ವಾರ 1,900ರ ಮೇಲೆ ಮುಗಿದಾಗ ಪುನಃ ಕೊಳ್ಳಬೇಕು. ಈ ಸಲ ಜೂನ್ ಕೊನೆಗೆ 2,000 ಸಿಕ್ಕಿತು. ಲೆಕ್ಕ ಹಾಕಿದರೆ ಎಪ್ಪತ್ತು ಹೋಗಿ ನೂರು ಬಂತು. ನಾಲ್ಕು ವರ್ಷ ಕಾದದ್ದಕ್ಕೆ ಇಷ್ಟೇ. ಬ್ರೇಕ್‌ಔಟ್ ಪುಸ್ತಕಗಳಲ್ಲಿ ಬರುವ ಚಿತ್ರಗಳು ಒಡೆದ ಕೂಡಲೇ ಆಕಾಶಕ್ಕೆ ಏರಿದವುಗಳದ್ದೇ ಆಗಿರುತ್ತವೆ. ದೊಡ್ಡ, ನಿಧಾನದ, ಎಲ್ಲರ ಕೈಯಲ್ಲೂ ಇರುವ ಷೇರುಗಳಲ್ಲಿ ನಿಜವಾದ ಬ್ರೇಕ್‌ಔಟ್ ಕೂಡ ಹೀಗೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ನಡೆಯುವುದು ಹೆಚ್ಚು.

ಹಾಗಾದರೆ ಅಟ್ಟ ಒಡೆಯುವ ಮೊದಲೇ, ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ದಾರಿ ಇಲ್ಲವೇ? ಈ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಮೇಲ್ನೋಟಕ್ಕೆ ಒಂದೇ ಥರ ಕಾಣುವ ರೇಂಜ್‌ನೊಳಗೆ ಎರಡು ಬೇರೆ ಬೇರೆ ಸಂಗತಿಗಳು ನಡೆಯುತ್ತಿರಬಹುದು. ಏರಿ ಬಂದ ಷೇರು ಉಸಿರು ತೆಗೆದುಕೊಳ್ಳುತ್ತಿರಬಹುದು, ಮಾರುವವರ ಸರಕು ನಿಧಾನವಾಗಿ ಗಟ್ಟಿ ಕೈಗಳಿಗೆ ಸೇರುತ್ತಿರಬಹುದು. ಇದು ಕನ್ಸಾಲಿಡೇಶನ್. ಇಲ್ಲವೇ, ಮೊದಲೇ ಅಗ್ಗಕ್ಕೆ ಕೊಂಡ ದೊಡ್ಡವರು ಬೆಲೆ ಬೀಳದಂತೆ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಕಳಚಿಕೊಳ್ಳುತ್ತಿರಬಹುದು, ಸರಕು ತಡವಾಗಿ ಬಂದವರ ಕೈಗೆ ಹೋಗುತ್ತಿರಬಹುದು. ಅದು ಡಿಸ್ಟ್ರಿಬ್ಯೂಷನ್. ದೊಡ್ಡವರು ಮಾರುತ್ತಿದ್ದಾರೆ ಎಂದ ಮಾತ್ರಕ್ಕೆ ಡಿಸ್ಟ್ರಿಬ್ಯೂಷನ್ ಎಂದು ತೀರ್ಮಾನಿಸುವವರು ಬಹಳ. ಅದು ತಪ್ಪು ಎಂದು ಈ ಷೇರೇ ತೋರಿಸುತ್ತದೆ.

ವಿಲೀನದಲ್ಲಿ ಎಚ್‌ಡಿಎಫ್‌ಸಿ ಲಿಮಿಟೆಡ್‌ನ ಪ್ರತಿ 25 ಷೇರಿಗೆ ಬ್ಯಾಂಕಿನ 42 ಷೇರು ಕೊಟ್ಟರು. ಎರಡೂ ಕಂಪನಿಗಳಲ್ಲಿ ಹಣ ಹಾಕಿದ್ದ ವಿದೇಶಿ ಫಂಡ್‌ಗಳ ಬಳಿ ಈಗ ಒಂದೇ ಷೇರು ಬೇಕಾದ್ದಕ್ಕಿಂತ ಹೆಚ್ಚಾಯಿತು. ಒಂದೇ ಕಂಪನಿಯಲ್ಲಿ ಎಷ್ಟು ಇಡಬಹುದು ಎಂಬ ಮಿತಿ ಫಂಡ್‌ಗಳಿಗೆ ಇರುತ್ತದೆ. ಹಾಗಾಗಿ ಅವರು ಮಾರಬೇಕಿತ್ತು, ಮಾರಿದರು. 2024ರ ಜನವರಿ 16ರಂದು ಬಂದ ತ್ರೈಮಾಸಿಕ ಫಲಿತಾಂಶ ರುಚಿಸಲಿಲ್ಲ. ಮರುದಿನ ಷೇರು ಶೇ 8ಕ್ಕೂ ಹೆಚ್ಚು ಕುಸಿಯಿತು, 2020ರ ಮಾರ್ಚ್ ನಂತರದ ದೊಡ್ಡ ಏಕದಿನ ಕುಸಿತ. ಅಂದು ಇಡೀ ಪೇಟೆಯಲ್ಲಿ ವಿದೇಶಿ ಹೂಡಿಕೆದಾರರ ನಿವ್ವಳ ಮಾರಾಟ 10,000 ಕೋಟಿ ರೂಪಾಯಿ ಮೀರಿತ್ತು. ಫೆಬ್ರುವರಿ ಮಧ್ಯಕ್ಕೆ ಷೇರು 1,363ಕ್ಕೆ ಬಂದಿತ್ತು. ಆ ದಿನಗಳಲ್ಲಿ ಇದನ್ನು ಡಿಸ್ಟ್ರಿಬ್ಯೂಷನ್ ಎನ್ನದವರು ಕಡಿಮೆ.

ವೈಕಾಫ್ ಹೇಳಿದ ಇನ್ನೊಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ: ಶ್ರಮವನ್ನೂ ಫಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಶ್ರಮವೆಂದರೆ ಮಾರಾಟದ ಪ್ರಮಾಣ, ಫಲವೆಂದರೆ ಬೆಲೆ ಸರಿದ ದೂರ. 2024ರ ಆರಂಭದ ಮಾರಾಟ ಹಿಂದೆಂದೂ ಇಲ್ಲದಷ್ಟು ದೊಡ್ಡದು. ಆದರೂ ಬೆಲೆ 2022ರ ತಳವಾದ 1,271ನ್ನು ಮುಟ್ಟಲಿಲ್ಲ. ಅದಕ್ಕಿಂತ ತೊಂಬತ್ತು ರೂಪಾಯಿ ಮೇಲೆಯೇ ನಿಂತಿತು. ಅಂದರೆ ಅಷ್ಟು ಸರಕನ್ನು ಯಾರೋ ತೆಗೆದುಕೊಂಡರು, ಹಳೆಯ ನೆಲಕ್ಕೆ ಬರುವವರೆಗೆ ಕಾಯುವ ತಾಳ್ಮೆಯೂ ಅವರಿಗಿರಲಿಲ್ಲ. ಅದೇ ವರ್ಷ ಜೂನ್ ಅಂತ್ಯದ ಷೇರುದಾರರ ಪಟ್ಟಿಯಲ್ಲಿ ವಿದೇಶಿ ಪಾಲು ಶೇ 55ಕ್ಕಿಂತ ಕೆಳಗಿಳಿದಿತ್ತು. ಎಂಎಸ್‌ಸಿಐ ಆಸೆ ಹುಟ್ಟಿದ್ದೂ ಈ ಇಳಿಕೆಯಿಂದಲೇ. ಆಮೇಲೆ 2025ರ ಜನವರಿಯ ತಳ 1,600ರ ಆಸುಪಾಸಿನಲ್ಲಿ ಬಂತು. ನೆಲ 1,271ರಿಂದ 1,363ಕ್ಕೆ, ಅಲ್ಲಿಂದ 1,600ರ ಹತ್ತಿರಕ್ಕೆ ಏರುತ್ತ ಬಂದಿತ್ತು. ಅಟ್ಟ ಮಾತ್ರ ಹೆಚ್ಚು ಕದಲಿರಲಿಲ್ಲ. ಏರುವ ನೆಲ ಮತ್ತು ನಿಂತ ಅಟ್ಟದ ನಡುವೆ ಜಾಗ ಕಿರಿದಾಗುತ್ತ ಹೋದರೆ ಮಾರುವವರ ಸರಕು ಮುಗಿಯುತ್ತಿದೆ ಎಂದು ಓದಬೇಕು.

ಇದಕ್ಕೆ ತದ್ವಿರುದ್ಧ ಚಿತ್ರವನ್ನು ನಿಫ್ಟಿ ಸೂಚ್ಯಂಕವೇ 2021–22ರಲ್ಲಿ ಬರೆದಿತ್ತು. ಅಕ್ಟೋಬರ್ 19ರಂದು 18,604ರ ಶಿಖರ, ಡಿಸೆಂಬರ್ 20ಕ್ಕೆ 16,410ರ ತಳ. ಜನವರಿಯಲ್ಲಿ ಮತ್ತೆ ಏರಿತು, ಆದರೆ 18,350ಕ್ಕೇ ಸುಸ್ತಾಯಿತು. ಮಾರ್ಚ್ 8ಕ್ಕೆ 15,671. ಏಪ್ರಿಲ್ 4ಕ್ಕೆ, ಅಂದರೆ ವಿಲೀನದ ಸುದ್ದಿ ಬಂದ ಅದೇ ಸೋಮವಾರ, 18,114. ಜೂನ್ 17ಕ್ಕೆ 15,183. ಆ ಒಂಬತ್ತು ತಿಂಗಳಲ್ಲಿ ಬದುಕಿದವರಿಗೆ ಪ್ರತಿ ಏರಿಕೆಯೂ ಚೇತರಿಕೆಯಂತೆ ಕಂಡಿತು, ಸುದ್ದಿವಾಹಿನಿಗಳಲ್ಲಿ ‘ಕನ್ಸಾಲಿಡೇಶನ್’ ಎಂಬ ಪದ ದಿನವೂ ಕೇಳುತ್ತಿತ್ತು. ಅಂಕಿಗಳು ಬೇರೆ ಹೇಳುತ್ತಿದ್ದವು. ಪ್ರತಿ ಶಿಖರ ಹಿಂದಿನದಕ್ಕಿಂತ ಕೆಳಗೆ, ಪ್ರತಿ ತಳವೂ ಕೆಳಗೆ. ಮಾರುವವರು ಹಳೆಯ ಅಟ್ಟದವರೆಗೆ ಬರಲೂ ಬಿಡದೆ, ದಾರಿಯಲ್ಲೇ ಮಾರುತ್ತಿದ್ದರು. ಆ ಅವಧಿಯಲ್ಲಿ ವಿದೇಶಿ ಹೂಡಿಕೆದಾರರು ನಮ್ಮ ಷೇರುಗಳಿಂದ ಎರಡು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಹಿಂತೆಗೆದರು.

ಎರಡೂ ಕಡೆ ಮಾರಿದ್ದು ಅದೇ ವಿದೇಶಿ ಕೈ, ಕೊಂಡದ್ದು ಬಹುಮಟ್ಟಿಗೆ ಅದೇ ನಮ್ಮ ಮ್ಯೂಚುವಲ್ ಫಂಡ್‌ಗಳು ಮತ್ತು ವಿಮಾ ಕಂಪನಿಗಳು. ಫಲ ಮಾತ್ರ ಬೇರೆ. ಅದಕ್ಕೇ ‘ಯಾರು ಮಾರಿದರು’ ಎಂಬುದಕ್ಕಿಂತ ‘ಮಾರಿದಾಗ ಬೆಲೆ ಎಲ್ಲಿ ನಿಂತಿತು’ ಎಂಬುದನ್ನು ನಾನು ಹೆಚ್ಚು ನೋಡುತ್ತೇನೆ. ಯಾರು ಮಾರಿದರು ಎಂಬ ವಿವರ ತಡವಾಗಿಯೂ ಬರುತ್ತದೆ: ವಿದೇಶಿ ಹೂಡಿಕೆದಾರರ ದಿನದ ಅಂಕಿ ಇಡೀ ಪೇಟೆಯದ್ದು, ಯಾವ ಷೇರೆಂದು ಅದರಲ್ಲಿ ಗೊತ್ತಾಗುವುದಿಲ್ಲ, ಕಂಪನಿವಾರು ಷೇರುದಾರರ ಪಟ್ಟಿ ತ್ರೈಮಾಸಿಕ ಮುಗಿದ ಮೇಲೆ 21 ದಿನದೊಳಗೆ ಬರುತ್ತದೆ. ಬೆಲೆ ನಿಂತ ಜಾಗ ಅಂದೇ ಎದುರಿಗಿರುತ್ತದೆ.

ಈ ಓದಿಗೂ ಮಿತಿಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ತಳ ಏರುತ್ತಿದೆ ಎಂದು ಹೇಳಲು ಕನಿಷ್ಠ ಎರಡು ತಳ ಬೇಕು. ನಮ್ಮ ಷೇರಿನಲ್ಲಿ ಆ ಎರಡರ ನಡುವೆ ಇಪ್ಪತ್ತು ತಿಂಗಳು ಕಳೆದಿತ್ತು. 1,363ರ ದಿನ ಅದೇ ತಳ ಎಂದು ಯಾರಿಗೂ ಗೊತ್ತಿರಲಿಲ್ಲ, ಬೆಲೆ 1,450 ದಾಟಿದ ಮೇಲಷ್ಟೇ ಊಹಿಸಬಹುದಿತ್ತು. 1,300ರಲ್ಲಿ ಕೊಳ್ಳುತ್ತೇನೆಂದು ಹಳೆಯ ನೆಲಕ್ಕೆ ಕಣ್ಣು ನೆಟ್ಟು ಕುಳಿತವರಿಗೆ ಅದು ಸಿಗಲೇ ಇಲ್ಲ. ನಿಫ್ಟಿಯ ಡಿಸ್ಟ್ರಿಬ್ಯೂಷನ್ ಕೂಡ ಭಾರಿ ಕುಸಿತಕ್ಕೆ ತಿರುಗಲಿಲ್ಲ; ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಸೂಚ್ಯಂಕ ಹಳೆಯ ಶಿಖರವನ್ನು ದಾಟಿತ್ತು. ಏಪ್ರಿಲ್‌ನ 18,114ರಲ್ಲಿ ಕೊಂಡವರು ಜೂನ್‌ನಲ್ಲಿ ಶೇ 16ರಷ್ಟು ಕೆಳಗಿದ್ದರು. ಚಿತ್ರ ಹೇಳಿದ್ದು ಅಷ್ಟನ್ನೇ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು. ಸ್ಟಾಪ್‌ಲಾಸ್ ಕೂಡ ರಾತ್ರಿ ಬಂದ ಸುದ್ದಿಗೆ ಕಿವುಡು. 2024ರ ಜನವರಿ 16ರ ಸಂಜೆ 1,679ಕ್ಕೆ ಮುಗಿದ ಷೇರು ಮರುದಿನ ಬೆಳಿಗ್ಗೆ ನೂರು ರೂಪಾಯಿಯಷ್ಟು ಕೆಳಗೇ ತೆರೆಯಿತು. 1,650ರಲ್ಲಿ ಸ್ಟಾಪ್‌ಲಾಸ್ ಇಟ್ಟವರಿಗೆ 1,650 ಸಿಗಲಿಲ್ಲ. ತೆರೆದ ಬೆಲೆಯೇ ಸಿಕ್ಕಿತು. ಅದಕ್ಕೇ ಫಲಿತಾಂಶದ ಹಿಂದಿನ ದಿನ ಅಂಚಿನ ವಹಿವಾಟನ್ನು ಕೈಯಲ್ಲಿಟ್ಟುಕೊಳ್ಳುವುದು ಬೇಡ ಎನ್ನುವುದು.

ಈ ಲೇಖನ ಓದಿ ಯಾರಾದರೂ ಇವತ್ತು ಈ ಷೇರಿನ ಚಾರ್ಟ್ ತೆರೆದರೆ ಇಲ್ಲಿನ ಒಂದು ಅಂಕಿಯೂ ಅಲ್ಲಿ ಕಾಣುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬ್ಯಾಂಕು ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. ಆಮೇಲೆ ಚಾರ್ಟ್‌ಗಳಲ್ಲಿ ಹಳೆಯ ಬೆಲೆಗಳೆಲ್ಲ ಅರ್ಧಕ್ಕೆ ಇಳಿದವು. 1,271ರ ನೆಲವನ್ನು 635ರ ಹತ್ತಿರ ಹುಡುಕಬೇಕು, 1,794ರ ಅಟ್ಟವನ್ನು 897ರಲ್ಲಿ.